ಬಾವು ಗದ್ದದ ಕೆಳಗೆ ಇಳಿದರೆ

ನಲವತ್ತೈದರ ಆಸುಪಾಸಿನ ಒಬ್ಬ ಕಿರಾಣಿ ಅಂಗಡಿಯವರನ್ನು ಊಹಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇದೆ. ಎಡಗಡೆ ಕೆಳಸಾಲಿನ ಕೊನೆಯ ದವಡೆ ಹಲ್ಲು ಹುಳುಕಾಗಿ ವರ್ಷವಾಯಿತು. ಸೋಮವಾರ ರಾತ್ರಿ ನಿದ್ದೆಗೆಡಿಸಿದ ನೋವಿಗೆ ಲವಂಗ ಕಚ್ಚಿಕೊಂಡರು, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದರು. ಬುಧವಾರ ನೋವು ಹೋಯಿತು. ಗುರುವಾರ ಗದ್ದದ ಕೆಳಗೆ ಸ್ವಲ್ಪ ಊತ, ಮೈ ಬಿಸಿ. ಶುಕ್ರವಾರ ಸಂಜೆಗೆ ಊತ ಎರಡೂ ಕಡೆಗೆ ಹಬ್ಬಿ, ಉಗುಳು ನುಂಗಲಾಗದೆ ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತ ಕೂತಿದ್ದರು.

ಮನೆಯವರು ಮೋಸಹೋದದ್ದು ಬುಧವಾರ. ಹಲ್ಲಿನೊಳಗಿನ ನರ ಸತ್ತಾಗ ನೋವು ನಿಲ್ಲುವುದುಂಟು, ಸೋಂಕು ಮಾತ್ರ ನಿಲ್ಲುವುದಿಲ್ಲ. ಅದು ಬೇರಿನ ತುದಿಯಿಂದ ಹೊರಬಿದ್ದು ಮೂಳೆಯನ್ನು ಕೊರೆಯುತ್ತ ದಾರಿ ಹುಡುಕುತ್ತದೆ.

ಯಾವ ದಾರಿ ಸಿಕ್ಕಿತು ಎಂಬುದರ ಮೇಲೆ ಮುಂದಿನದು ನಿಂತಿದೆ. ಒಸಡಿನ ಕಡೆ ತೆರೆದುಕೊಂಡರೆ ಸಣ್ಣದೊಂದು ಕೀವುಗುಳ್ಳೆಯಾಗುತ್ತದೆ. ಆದರೆ ಬಾಯಿಯ ತಳದಲ್ಲಿ, ನಾಲಿಗೆಯ ಕೆಳಗೆ, ಜೋಲಿಯಂತೆ ಕಟ್ಟಿದ ಒಂದು ತೆಳು ಸ್ನಾಯು ಇದೆ. ಕೆಳಸಾಲಿನ ಕೊನೆಯ ಎರಡು ದವಡೆ ಹಲ್ಲುಗಳ ಬೇರಿನ ತುದಿ ಸಾಮಾನ್ಯವಾಗಿ ಈ ಜೋಲಿಗಿಂತ ಕೆಳಗಿರುತ್ತದೆ. ಅಲ್ಲಿ ದವಡೆಯ ಒಳಬದಿಯ ಮೂಳೆಯೂ ತೆಳು. ಹಾಗಾಗಿ ಸೋಂಕು ನೇರ ಕತ್ತಿನ ಕಡೆಗೆ ಇಳಿಯುತ್ತದೆ, ಜೋಲಿಯ ಹಿಂಬದಿಯ ಸಂದಿಯಿಂದ ನಾಲಿಗೆಯ ಕೆಳಕ್ಕೂ ನುಗ್ಗುತ್ತದೆ. ಆಗ ಬಾತ ನಾಲಿಗೆಗೆ ಮುಂದೆ ಹಲ್ಲಿನ ಗೋಡೆ, ಕೆಳಗೆ ಊತ. ಉಳಿದ ಜಾಗ ಮೇಲೆ ಮತ್ತು ಹಿಂದೆ. ಹಿಂದಿರುವುದು ಶ್ವಾಸದ ದಾರಿ.

ಈ ಸ್ಥಿತಿಯನ್ನು 1836ರಲ್ಲಿ ವಿವರಿಸಿದವರು ಜರ್ಮನಿಯ ವೈದ್ಯ ಲುಡ್ವಿಗ್. ವೈದ್ಯರು ಇದನ್ನು ‘ಲುಡ್ವಿಗ್ಸ್ ಆಂಜೈನಾ’ ಎನ್ನುತ್ತಾರೆ. ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಸರಿನ ಲ್ಯಾಟಿನ್ ಮೂಲಕ್ಕೆ ಕತ್ತು ಹಿಸುಕುವುದು ಎಂಬ ಅರ್ಥವಿದೆ.

ಅಪಾಯವನ್ನು ನೋವಿನಿಂದ ಅಳೆಯಬಾರದು. ಬಾಯಿ ತೆರೆದು ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಸಾಮಾನ್ಯವಾಗಿ ಹಿಡಿಸುವ ಕಡೆ ಈಗ ಒಂದೇ ಬೆರಳು ಹೋಗುವುದಾದರೆ ಸೋಂಕು ಅಗಿಯುವ ಸ್ನಾಯುಗಳನ್ನು ತಟ್ಟಿದೆ. ಗದ್ದದ ಕೆಳಭಾಗ ಮುಟ್ಟಿದರೆ ಹಲಗೆಯಂತೆ ಗಟ್ಟಿ, ನಾಲಿಗೆ ಮೇಲೆದ್ದಿದೆ, ಬಾಯಲ್ಲಿ ಬಿಸಿ ತುತ್ತಿಟ್ಟುಕೊಂಡು ಮಾತಾಡಿದಂಥ ದನಿ, ಜೊಲ್ಲು ಸುರಿಯುವುದು, ಮಲಗಿದರೆ ಉಸಿರುಗಟ್ಟಿ ಎದ್ದು ಕೂರುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಜನ್ ಮೀಟರ್ 98 ತೋರಿಸಿತೆಂದು ಸಮಾಧಾನವೂ ಬೇಡ. ಆ ಅಂಕಿ ಇಳಿಯುವ ಹೊತ್ತಿಗೆ ದಾರಿ ಬಹುತೇಕ ಮುಚ್ಚಿರಬಹುದು.

‘ಆಂಟಿಬಯೋಟಿಕ್ ತಗೊಂಡಿದ್ದೀನಲ್ಲ’ ಎಂಬುದು ಸಾಮಾನ್ಯ ಮಾತು. ಔಷಧ ಹೋಗುವುದು ರಕ್ತದ ಜೊತೆ. ಸತ್ತ ಹಲ್ಲಿನೊಳಗೆ ರಕ್ತ ಹರಿಯುವುದಿಲ್ಲ, ಕೀವಿನ ನಡುವೆಯೂ ಅಷ್ಟೆ. ಮೂಲ ಅಲ್ಲೇ ಉಳಿಯುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಸೋಂಕು ಇನ್ನೂ ಬೇಗ ಹಬ್ಬುತ್ತದೆ. ನೋವಿನ ಮಾತ್ರೆ ಜ್ವರವನ್ನೂ ಇಳಿಸುವುದರಿಂದ ‘ಜ್ವರ ಇಲ್ಲ’ ಎಂಬ ಮಾತನ್ನೂ ಪೂರ್ತಿ ನಂಬುವಂತಿಲ್ಲ.

ನಮ್ಮ ಅಂಗಡಿಯವರು ಹೋಗಬೇಕಾದದ್ದು ಹಲ್ಲಿನ ಕ್ಲಿನಿಕ್ಕಿಗಲ್ಲ. ರಾತ್ರಿಯೂ ಅರಿವಳಿಕೆ ತಜ್ಞರು ಸಿಗುವ, ಐಸಿಯು ಇರುವ ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ ‘ಹಲ್ಲುನೋವು’ ಎನ್ನದೆ ‘ಕತ್ತು ಊದಿದೆ, ಉಗುಳು ನುಂಗಲಾಗುತ್ತಿಲ್ಲ’ ಎನ್ನಬೇಕು. ದಾರಿಯಲ್ಲಿ ಮಲಗಿಸಬಾರದು, ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸಬೇಕು. ಊತಕ್ಕೆ ಬಿಸಿ ಕಾವು ಕೊಡುವುದಾಗಲಿ, ಸೂಜಿ ಚುಚ್ಚುವುದಾಗಲಿ ಕೂಡದು.

ಅಲ್ಲಿ ಮೊದಲ ಕೆಲಸ ಹಲ್ಲಿನದಲ್ಲ, ಉಸಿರಿನದು. ರೋಗಿ ಎಚ್ಚರವಿರುವಾಗಲೇ ಮೂಗಿನಿಂದ ಕ್ಯಾಮೆರಾ ಇರುವ ತೆಳು ಕೊಳವೆ ಇಳಿಸಿ ಶ್ವಾಸದ ದಾರಿಯನ್ನು ಭದ್ರ ಮಾಡುವುದುಂಟು. ಆಗದಿದ್ದರೆ ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಬೇಕಾಗಬಹುದು. ರಕ್ತನಾಳಕ್ಕೆ ಆಂಟಿಬಯೋಟಿಕ್ ಹರಿಸುತ್ತಾರೆ. ಕೀವು ಕಟ್ಟಿದ್ದರೆ ಅಥವಾ ಊತ ಇಳಿಯದಿದ್ದರೆ ಗದ್ದದ ಕೆಳಗೆ ಕೊಯ್ದು ಒತ್ತಡ ಬಿಡಿಸಿ, ರಬ್ಬರ್ ನಳಿಗೆ ಇಡುತ್ತಾರೆ. ಮೂಲವಾದ ಹಲ್ಲನ್ನು ಕೀಳುತ್ತಾರೆ. ಆಂಟಿಬಯೋಟಿಕ್‌ಗಳು ಬರುವ ಮುಂಚೆ ಈ ಸೋಂಕಿಗೆ ಸಿಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲ. ಈಗ ಹೆಚ್ಚಿನವರು ಉಳಿಯುತ್ತಾರೆ, ಸಕಾಲಕ್ಕೆ ತಲುಪಿದರೆ.

ಮೇಲಿನ ಹಲ್ಲಿನ ಸೋಂಕಿನಿಂದ ಕಣ್ಣಿನ ಸುತ್ತ ಊದಿಕೊಂಡರೂ ಅದೇ ದಿನ ಆಸ್ಪತ್ರೆ ಸೇರಬೇಕು. ಒಸಡು ಮಾತ್ರ ಬಾತು, ಬಾಯಿ ಸಲೀಸಾಗಿ ತೆರೆಯುತ್ತಿದ್ದರೆ ದಂತವೈದ್ಯರ ಬಳಿ ಹೋದರೆ ಸಾಕು. ಅಂಗಡಿಯವರು ಬುಧವಾರ, ನೋವು ಹೋದ ದಿನವೇ, ಅಲ್ಲಿಗೆ ಹೋಗಿದ್ದರೆ ಒಂದು ಹಲ್ಲಿಗೇ ಮುಗಿಯುತ್ತಿತ್ತು.