ಇಬ್ಬರೋ, ಒಬ್ಬರೇನೋ?

ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆಯಿಂದ ಸಿಗುವ ಹಣಕ್ಕೆ 2020ರಿಂದ 5 ಲಕ್ಷ ರೂಪಾಯಿಯ ಮಿತಿ ಇದೆ. ಈ ಮಿತಿ ಖಾತೆಗಲ್ಲ, ಠೇವಣಿದಾರರಿಗೆ. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ತಮ್ಮ ಹೆಸರಿನಲ್ಲಿ ಹಣ ಇಟ್ಟಿದ್ದರೆ ಎಲ್ಲವನ್ನೂ ಕೂಡಿಸಿಯೇ ಲೆಕ್ಕ. ಹಾಗಿರುವಾಗ ಒಂದು ಶಾಖೆಯಲ್ಲಿ Lakshmi S ಎಂದೂ ಇನ್ನೊಂದರಲ್ಲಿ Laxmi Shivanna ಎಂದೂ ದಾಖಲಾದವರು ಒಬ್ಬರೇ ಎಂದು ಬ್ಯಾಂಕಿಗೆ ತಿಳಿಯುವುದು ಹೇಗೆ?

ಎಲ್ಲರನ್ನೂ ಎಲ್ಲರ ಜೊತೆ ಹೋಲಿಸಿ ನೋಡೋಣವೆಂದರೆ ಒಂದು ಲಕ್ಷ ಗ್ರಾಹಕರಿಗೇ ಸುಮಾರು 500 ಕೋಟಿ ಜೋಡಿಗಳಾಗುತ್ತವೆ. ಅದಕ್ಕೇ ಮೊದಲು ಫೋನ್ ನಂಬರ್ ಒಂದೇ ಇರುವವರು, ಜನ್ಮದಿನಾಂಕ ಒಂದೇ ಇರುವವರು, ಪಿನ್‌ಕೋಡ್ ಮತ್ತು ಹೆಸರಿನ ಆರಂಭ ಒಂದೇ ಇರುವವರು ಎಂದು ಬೇರೆಬೇರೆ ಗುಂಪು ಮಾಡಿಕೊಂಡು, ಆಯಾ ಗುಂಪಿನೊಳಗೆ ಮಾತ್ರ ಹೋಲಿಸುತ್ತಾರೆ. ಒಂದು ಸುತ್ತಿನಲ್ಲಿ ತಪ್ಪಿಸಿಕೊಂಡ ಜೋಡಿ ಇನ್ನೊಂದರಲ್ಲಿ ಸಿಗುತ್ತದೆ.

ಅಂಕ ಕೊಡುವ ದಾರಿಯನ್ನು ಗಣಿತವಾಗಿ ಗಟ್ಟಿ ಮಾಡಿದವರು ಕೆನಡಾದ ಸಂಖ್ಯಾಶಾಸ್ತ್ರಜ್ಞರಾದ ಇವಾನ್ ಫೆಲೆಗಿ ಮತ್ತು ಅಲನ್ ಸಂಟರ್, 1969ರಲ್ಲಿ. ಅವರ ವಿಧಾನದಲ್ಲಿ ಪ್ರತಿಯೊಂದು ಹೊಂದಾಣಿಕೆಗೂ ಬೆಲೆ ಬೇರೆ. ಲಿಂಗ ಹೊಂದಿದರೆ ಒಂದೇ ಅಂಕ, ಏಕೆಂದರೆ ಸಂಬಂಧವೇ ಇಲ್ಲದ ಇಬ್ಬರಲ್ಲೂ ಅರ್ಧದಷ್ಟು ಸಲ ಅದು ಹೊಂದುತ್ತದೆ. ಫೋನ್ ನಂಬರ್ ಹಾಗೆ ಆಕಸ್ಮಿಕವಾಗಿ ಹೊಂದುವುದು ತೀರಾ ಅಪರೂಪ, ಅದಕ್ಕೆ ಹದಿನಾಲ್ಕು ಅಂಕ ಸಿಕ್ಕೀತು. ಒಂದೊಂದು ಅಂಕಕ್ಕೂ ‘ಇವರಿಬ್ಬರೂ ಒಬ್ಬರೇ’ ಎಂಬ ಸಾಧ್ಯತೆಯ ಪಾಲು ಇಮ್ಮಡಿಯಾಗುತ್ತದೆ. ಹೊಂದದೆ ಹೋದರೆ ಅಂಕ ಕಳೆಯುತ್ತದೆ.

ಅಂಕ ದೊಡ್ಡದಿದ್ದ ಮಾತ್ರಕ್ಕೆ ಹಿಗ್ಗುವ ಹಾಗಿಲ್ಲ. 500 ಕೋಟಿ ಜೋಡಿಗಳಲ್ಲಿ ನಿಜವಾದ ಜೋಡಿ ಐದು ಸಾವಿರ ಎಂದಿಟ್ಟುಕೊಂಡರೆ, ಹತ್ತು ಲಕ್ಷಕ್ಕೆ ಒಂದು. ಆ ಹತ್ತು ಲಕ್ಷವನ್ನು ದಾಟಲು ಇಪ್ಪತ್ತು ಸಲ ಇಮ್ಮಡಿಯಾಗಬೇಕು. ಅಂದರೆ 20 ಅಂಕ ಬಂದಾಗಲೂ ಹೌದು–ಅಲ್ಲಗಳು ಸಮಸಮ.

ನಮ್ಮ ಹೆಸರುಗಳಂತೂ ಯಂತ್ರವನ್ನು ಚೆನ್ನಾಗಿ ದಾರಿ ತಪ್ಪಿಸುತ್ತವೆ. ಅಕ್ಷರಗಳ ಹೋಲಿಕೆ ಅಳೆಯುವ ಜಾರೊ–ವಿಂಕ್ಲರ್ ವಿಧಾನ ಬಹಳ ಬಳಕೆಯಲ್ಲಿದೆ. ಅದರಲ್ಲಿ Lakshmi ಮತ್ತು Laxmi ನಡುವಿನ ಹೋಲಿಕೆ 0.83. Savitha ಮತ್ತು Savithri ನಡುವಿನದು 0.92. ಒಂದೇ ಹೆಸರಿನ ಎರಡು ಬರವಣಿಗೆಗಿಂತ ಎರಡು ಬೇರೆ ಹೆಸರುಗಳೇ ಹತ್ತಿರವಾದವು! ಆದ್ದರಿಂದ ಅಳೆಯುವ ಮೊದಲೇ ksh ಮತ್ತು x, th ಮತ್ತು t, Gowda ಮತ್ತು Gouda ಇಂಥವನ್ನೆಲ್ಲ ಒಂದೇ ರೂಪಕ್ಕೆ ತರಬೇಕು. ಹೊರದೇಶದ ತಂತ್ರಾಂಶವನ್ನು ಇದ್ದ ಹಾಗೆಯೇ ತಂದು ಓಡಿಸಿದರೆ ಈ ಕೆಲಸ ಆಗುವುದಿಲ್ಲ.

ಒಂದು ಕಾಲ್ಪನಿಕ ಜೋಡಿಯನ್ನು ಪೂರ್ತಿ ನೋಡೋಣ. Savitha, Savithri ಇಬ್ಬರಿಗೂ ತಂದೆಯ ಹೆಸರು ಶಿವಣ್ಣ, ಫೋನ್ ಒಂದೇ, ವಿಳಾಸ ಒಂದೇ. ಹುಟ್ಟಿದ ದಿನ ಇಬ್ಬರದೂ ಜೂನ್ 1, ವರ್ಷ ಮಾತ್ರ 1996 ಮತ್ತು 1998. ಹೆಸರಿಗೆ 5, ತಂದೆಯ ಹೆಸರಿಗೆ 7, ಫೋನಿಗೆ 14, ವಿಳಾಸಕ್ಕೆ 6, ಲಿಂಗಕ್ಕೆ 1, ದಿನಾಂಕ ಹೊಂದದ್ದಕ್ಕೆ ಮೈನಸ್ 4. ಒಟ್ಟು 29. ಇಪ್ಪತ್ತರ ಗಡಿಗಿಂತ ಒಂಬತ್ತು ಹೆಚ್ಚು, ಅಂದರೆ ಇಬ್ಬರೂ ಒಬ್ಬರೇ ಎಂಬುದಕ್ಕೆ 512ಕ್ಕೆ ಒಂದರಷ್ಟು ಬಲ. ಆದರೆ ಇವರು ಅಕ್ಕತಂಗಿಯರು. ಶಾಲೆಗೆ ಸೇರಿಸುವಾಗ ಬರೆಸಿದ ಜೂನ್ 1 ನಮ್ಮಲ್ಲಿ ಎಷ್ಟೋ ಜನರ ಅಧಿಕೃತ ಹುಟ್ಟುಹಬ್ಬ.

ತಪ್ಪಿದ್ದು ಕೂಡುವುದರಲ್ಲಿ. ಫೋನ್, ವಿಳಾಸ, ತಂದೆಯ ಹೆಸರು ಮೂರು ಬೇರೆ ಸಾಕ್ಷಿಗಳಲ್ಲ. ‘ಇವರು ಒಂದೇ ಮನೆಯವರು’ ಎಂಬ ಒಂದೇ ಸಂಗತಿಯನ್ನು ಮೂರು ಸಲ ಹೇಳುತ್ತಿವೆ. ಮೂರರಲ್ಲಿ ದೊಡ್ಡದಾದ 14 ಅನ್ನು ಮಾತ್ರ ಇಟ್ಟುಕೊಂಡರೆ ಒಟ್ಟು 16ಕ್ಕೆ ಇಳಿಯುತ್ತದೆ. ಗಡಿಗಿಂತ ನಾಲ್ಕು ಕಡಿಮೆ.

ಆದ್ದರಿಂದ ಡೇಟಾ ಸ್ಟೀವರ್ಡ್, ಅಂದರೆ ದಾಖಲೆಗಳ ಹೊಣೆ ಹೊತ್ತ ಸಿಬ್ಬಂದಿ, ಕೈಗೆ ಬರುವ ವರದಿಯಲ್ಲಿ ‘29’ ಎಂದಷ್ಟೇ ಇದ್ದರೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಅಂಕಣ ಎಷ್ಟು ಕೊಟ್ಟಿತು, ಯಾವುದು ಕಳೆಯಿತು, ಎರಡೂ ದಾಖಲೆಗಳಲ್ಲಿ ಮೂಲತಃ ಏನು ಬರೆದಿದೆ ಎಂಬುದು ಒಂದೇ ಸಾಲಿನಲ್ಲಿ ಕಾಣಬೇಕು. ಆಗ ಹುಟ್ಟಿದ ವರ್ಷದ ವ್ಯತ್ಯಾಸ ಅವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಪ್ಯಾನ್ ನಂಬರ್ ಎರಡರಲ್ಲೂ ಇದ್ದು ಬೇರೆಬೇರೆ ಇದ್ದರೆ, ಒಟ್ಟು ಅಂಕ ಎಷ್ಟೇ ಇರಲಿ, ಮೂಲ ಪ್ಯಾನ್ ಪ್ರತಿಗಳನ್ನು ನೋಡುವ ತನಕ ಆ ಜೋಡಿಯನ್ನು ಕೂಡಿಸಬಾರದು.

ಫೆಲೆಗಿ ಮತ್ತು ಸಂಟರ್ ಕೂಡ ಜೋಡಿಗಳನ್ನು ಮೂರು ಪಾಲು ಮಾಡಿದ್ದರು: ಹೌದು, ಅಲ್ಲ, ಮನುಷ್ಯರು ನೋಡಬೇಕು. ನಡುವಿನ ಪಾಲಿನ ಗಡಿ ಎಲ್ಲಿ ಎಂಬುದನ್ನು ತಪ್ಪಿನ ನಷ್ಟವೇ ನಿರ್ಧರಿಸಬೇಕು. ಎರಡು ಸಲ ಕ್ಯಾಲೆಂಡರ್ ಕಳಿಸಿದರೆ ಹೋಗುವುದು ಅಂಚೆಯ ಖರ್ಚು. ತಂಗಿಯ ಸಾಲ ಅಕ್ಕನ ಹೆಸರಿಗೆ ಕೂಡಿಕೊಂಡರೆ ಅದನ್ನು ಬಿಡಿಸಲು ಅಕ್ಕ ತಿಂಗಳುಗಟ್ಟಲೆ ಅಲೆಯಬೇಕು. ಹೀಗಾಗಿ ಕೂಡಿಸಿದ ಮೇಲೂ ಹಳೆಯ ಎರಡು ಗ್ರಾಹಕ ಸಂಖ್ಯೆಗಳನ್ನು ಅಳಿಸದೆ ಉಳಿಸಿಕೊಳ್ಳಬೇಕು. ‘ಇವರು ಬೇರೆಬೇರೆ’ ಎಂದು ಸ್ಟೀವರ್ಡ್ ತೀರ್ಮಾನಿಸಿದ್ದನ್ನೂ ಬರೆದಿಡಬೇಕು, ಇಲ್ಲದಿದ್ದರೆ ಮುಂದಿನ ತಿಂಗಳ ವರದಿಯಲ್ಲಿ ಅದೇ ಅಕ್ಕತಂಗಿಯರು ಮತ್ತೆ ಬರುತ್ತಾರೆ.