‘ಮೋರ್ ಬೆಟರ್’ ಅಂತ ಬಾಯಿಗೆ ಬರೋದು ಯಾಕೆ? ನಮ್ಮ ‘ಗಿಂತ’ಕ್ಕೂ ಇಂಗ್ಲಿಷ್‌ನ ‘ದ್ಯಾನ್’ಗೂ ಇರೋ ವ್ಯತ್ಯಾಸ

ಇವತ್ತಿನ ಕಂತು ಶುರುವಾಗಿದ್ದು ಒಂದು ವಾಯ್ಸ್ ನೋಟ್‌ನಿಂದ. ಕೇಳುಗರೊಬ್ಬರಿಗೆ ಮುಂದಿನ ವಾರ ಇಂಟರ್‌ವ್ಯೂ ಇದೆ. ತಮ್ಮ ಬಗ್ಗೆ ಇಂಗ್ಲಿಷ್‌ನಲ್ಲಿ ನಾಲ್ಕು ವಾಕ್ಯ ರೆಕಾರ್ಡ್ ಮಾಡಿ, ‘ಇದರಲ್ಲಿ ಏನು ತಪ್ಪಿದೆ ಹೇಳಿ’ ಅಂತ ಕಳಿಸಿದ್ದಾರೆ. ಅವರು ಹೇಳಿದ್ದು ಇದು:

“ಮೈ ಟೈಪಿಂಗ್ ಈಸ್ ಮೋರ್ ಬೆಟರ್ ನೌ. ದಿಸ್ ಜಾಬ್ ಈಸ್ ಇಂಟರೆಸ್ಟಿಂಗ್ ದ್ಯಾನ್ ಮೈ ಓಲ್ಡ್ ಜಾಬ್. ದ ಟ್ರಾಫಿಕ್ ಈಸ್ ವರ್ಸ್ಟ್ ದ್ಯಾನ್ ಲಾಸ್ಟ್ ಇಯರ್. ಹೌ ಮಚ್ ಐ ಲರ್ನ್, ದಟ್ ಮಚ್ ಐ ವಿಲ್ ಗ್ರೋ.”

ಅರ್ಥ ಆಗಲ್ವಾ? ಚೆನ್ನಾಗಿಯೇ ಆಗುತ್ತೆ. ಆದರೆ ನಾಲ್ಕು ವಾಕ್ಯಕ್ಕೆ ನಾಲ್ಕು ತಪ್ಪು, ನಾಲ್ಕೂ ಹೋಲಿಕೆಯಲ್ಲೇ. ಮಜಾ ಏನಂದ್ರೆ, ಮೊದಲನೇ ವಾಕ್ಯದಲ್ಲಿ ‘ಮೋರ್’ ಬೇಡದೆ ಬಂದಿದೆ, ಎರಡನೇದರಲ್ಲಿ ಬೇಕಾದ ‘ಮೋರ್’ ಇಲ್ಲ. ಒಂದಕ್ಕೊಂದು ಉಲ್ಟಾ ಕಾಣೋ ಈ ಎರಡು ತಪ್ಪೂ ಬಂದಿದ್ದು ಒಂದೇ ಜಾಗದಿಂದ, ನಮ್ಮ ಕನ್ನಡದಿಂದ.

ಹೇಗೆ ಅಂತ ನೋಡಿ. ‘ರವಿ ಕಿರಣನಿಗಿಂತ ಎತ್ತರ’ ಅಂತೀವಿ. ಇಲ್ಲಿ ಹೋಲಿಕೆಯ ಗುರುತು ಯಾವುದು? ‘ಗಿಂತ’. ಅದು ಅಂಟಿಕೊಂಡಿರೋದು ಕಿರಣನಿಗೆ. ‘ಎತ್ತರ’ ಅನ್ನೋ ಪದಕ್ಕೆ ಏನೂ ಆಗಿಲ್ಲ. ಒಬ್ಬ ಎತ್ತರ ಇದ್ದರೂ ಎತ್ತರ, ಇನ್ನೊಬ್ಬನಿಗಿಂತ ಇದ್ದರೂ ಎತ್ತರ, ಎಲ್ಲರಿಗಿಂತ ಇದ್ದರೂ ಎತ್ತರವೇ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಅಲ್ಲಿ ‘ದ್ಯಾನ್’ ಇದ್ದರೆ ಸಾಲದು, ಗುಣ ಹೇಳೋ ಪದವೇ ಬದಲಾಗಬೇಕು: ಟಾಲ್, ಟಾಲರ್, ಟಾಲೆಸ್ಟ್.

ಹಾಗಾಗಿ ‘ಹಳೇ ಕೆಲಸಕ್ಕಿಂತ ಇಂಟರೆಸ್ಟಿಂಗ್’ ಅನ್ನೋದನ್ನ ನೇರವಾಗಿ ಇಂಗ್ಲಿಷ್‌ಗೆ ಇಳಿಸಿದರೆ ‘ಇಂಟರೆಸ್ಟಿಂಗ್ ದ್ಯಾನ್’ ಅಂತಲೇ ಬರುತ್ತೆ. ‘ಗಿಂತ’ ಬಂತಲ್ಲ, ಕೆಲಸ ಮುಗೀತು ಅಂದ್ಕೋತೀವಿ. ಇನ್ನು ‘ಮೋರ್ ಬೆಟರ್’? ಮನಸ್ಸಲ್ಲಿ ಓಡ್ತಾ ಇರೋದು ‘ಇನ್ನೂ ಚೆನ್ನಾಗಿದೆ’. ‘ಇನ್ನೂ’ಗೆ ಒಂದು ಪದ ಬೇಕು ಅನ್ಸುತ್ತೆ, ‘ಮೋರ್’ ಹಾಕ್ತೀವಿ. ಆದರೆ ಆ ‘ಇನ್ನೂ’ ‘ಬೆಟರ್’ ಒಳಗೇ ಕೂತಿದೆ. ಒತ್ತಿ ಹೇಳಲೇಬೇಕು ಅಂದ್ರೆ ‘ಮಚ್ ಬೆಟರ್’ ಅನ್ನಿ, ಅದು ಸರಿ. ಅಂದಹಾಗೆ, ಈ ಡಬಲ್ ಗುರುತು ಇಂಗ್ಲಿಷ್‌ನವರಿಗೆ ಹೊಸದೇನೂ ಅಲ್ಲ. ಶೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದಲ್ಲೇ ‘ಮೋಸ್ಟ್’ ಮತ್ತು ‘ಎಸ್ಟ್’ ಒಟ್ಟಿಗೆ ಬರೋ ಒಂದು ಪ್ರಸಿದ್ಧ ಜಾಗ ಇದೆ. ಇಂಟರ್‌ವ್ಯೂನಲ್ಲಿ ಮಾತ್ರ ಶೇಕ್ಸ್‌ಪಿಯರ್ ಹೆಸರು ಹೇಳಿ ತಪ್ಪಿಸಿಕೊಳ್ಳೋಕಾಗಲ್ಲ.

ಸರಿ, ಯಾವಾಗ ‘ಅರ್’, ಯಾವಾಗ ‘ಮೋರ್’? ಪದ ಹೇಳ್ತಾ ಚಪ್ಪಾಳೆ ತಟ್ಟಿ ನೋಡಿ. ಒಂದೇ ಚಪ್ಪಾಳೆಗೆ ಮುಗಿದರೆ ‘ಅರ್’: ಫಾಸ್ಟರ್, ಚೀಪರ್, ಬಿಗರ್. ಮೂರು ಅಥವಾ ಹೆಚ್ಚು ಬಂದರೆ ‘ಮೋರ್’: ಮೋರ್ ಎಕ್ಸ್‌ಪೆನ್ಸಿವ್, ಮೋರ್ ಬ್ಯೂಟಿಫುಲ್. ತಲೆನೋವು ಇರೋದು ಎರಡು ಚಪ್ಪಾಳೆಯ ಪದಗಳಲ್ಲಿ. ಕೊನೆಗೆ ‘ಇ’ ಸದ್ದು ಬಂದು ವೈ ಅಕ್ಷರದಲ್ಲಿ ಮುಗಿಯೋವು ‘ಅರ್’ ಕಡೆ ಹೋಗ್ತವೆ: ಹ್ಯಾಪಿಯರ್, ಈಸಿಯರ್, ಬ್ಯುಸಿಯರ್. ‘ಕೇರ್‌ಫುಲ್’, ‘ಫೇಮಸ್’, ‘ಮಾಡರ್ನ್’ ಥರದವು ‘ಮೋರ್’ ಕಡೆ. ‘ಸಿಂಪಲ್’, ‘ಕ್ಲೆವರ್’ ಎರಡೂ ಕಡೆ ನಡೆಯುತ್ತೆ. ಅನುಮಾನ ಬಂದರೆ ಎರಡು ಚಪ್ಪಾಳೆಯ ಪದಕ್ಕೆ ‘ಮೋರ್’ ಹಾಕಿಬಿಡಿ, ಹೆಚ್ಚು ಕಿವಿಗೆ ಚುಚ್ಚಲ್ಲ. ‘ಮೋರ್ ಈಸಿ’ ಒಂಚೂರು ವಿಚಿತ್ರ ಅನ್ಸಬಹುದು, ಆದರೆ ‘ಫೇಮಸರ್’ ಅಂದ್ರೆ ಎದುರಿಗಿರೋರು ನಕ್ಕೇಬಿಡ್ತಾರೆ. ಒಂದು ಕಳ್ಳ ಪದ ಇದೆ: ‘ಟೈರ್ಡ್’. ಗಿಡ್ಡವಾಗಿದ್ದರೂ ‘ಮೋರ್ ಟೈರ್ಡ್’ ಅಂತಾರೆ. ‘ಬೋರ್ಡ್’ ಕೂಡ ಹಾಗೇ, ಬೇಜಾರಾಗಿರೋ ‘ಬೋರ್ಡ್’, ಗೋಡೆ ಮೇಲಿನದ್ದಲ್ಲ.

ಈಗ ಮೂರನೇ ವಾಕ್ಯದ ‘ವರ್ಸ್ಟ್ ದ್ಯಾನ್’. ಬ್ಯಾಡ್, ವರ್ಸ್, ವರ್ಸ್ಟ್. ಗುಡ್‌ಗೂ ಬೆಟರ್‌ಗೂ, ಬ್ಯಾಡ್‌ಗೂ ವರ್ಸ್‌ಗೂ ಸದ್ದಿನಲ್ಲಿ ಸಂಬಂಧವೇ ಇಲ್ಲ, ಯಾಕಂದ್ರೆ ಅವು ಬೇರೆ ಬೇರೆ ಮೂಲದ ಪದಗಳು, ಬಳಕೆಯಲ್ಲಿ ಒಂದೇ ಸಾಲಿಗೆ ಬಂದು ಸೇರಿಕೊಂಡಿವೆ. ‘ಬೆಟರ್’ ಕೊನೆಯಲ್ಲಿ ‘ಅರ್’ ಕೇಳುತ್ತೆ, ಅದಕ್ಕೇ ಅದು ಹೋಲಿಕೆಯ ಪದ ಅಂತ ಕಿವಿಗೆ ಗೊತ್ತಾಗುತ್ತೆ. ‘ವರ್ಸ್’ನಲ್ಲಿ ಆ ಸದ್ದು ಕೊನೆಯಲ್ಲಿ ಇಲ್ಲ, ಅದಕ್ಕೇ ನಾವು ‘ವರ್ಸ್ಟ್’ಗೆ ಹಾರ್ತೀವಿ. ಪರೀಕ್ಷೆ ಸುಲಭ: ಮುಂದೆ ‘ದ್ಯಾನ್’ ಬರ್ತಾ ಇದೆಯಾ? ಹಾಗಾದರೆ ‘ವರ್ಸ್’. ‘ಎಲ್ಲಕ್ಕಿಂತ’ ಅಂತ ಹೇಳ್ತಾ ಇದ್ದೀರಾ? ಆಗ ‘ದ ವರ್ಸ್ಟ್’, ಹಿಂದೆ ಆ ‘ದ’ ಮರೀಬೇಡಿ. ‘ಮುಳ್ಳಯ್ಯನಗಿರಿ ಈಸ್ ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ’. ಕನ್ನಡದಲ್ಲಿ ‘ದ’ಗೆ ಸಮನಾದ ಪದವೇ ಇಲ್ಲ, ಅದಕ್ಕೇ ಅದು ಬಾಯಿಂದ ಜಾರಿ ಹೋಗುತ್ತೆ.

‘ಎಲ್ಡರ್’ ಬಗ್ಗೆ ಒಂದು ಮಾತು. ‘ಮೈ ಎಲ್ಡರ್ ಸಿಸ್ಟರ್’ ಸರಿ. ‘ಶಿ ಈಸ್ ಎಲ್ಡರ್ ದ್ಯಾನ್ ಮಿ’ ಅನ್ನಲ್ಲ, ಅಲ್ಲಿ ‘ಓಲ್ಡರ್’ ಬೇಕು. ‘ಸೀನಿಯರ್’ಗೆ ‘ದ್ಯಾನ್’ ಬರಲ್ಲ, ‘ಸೀನಿಯರ್ ಟು ಮಿ’. ಅದು ಲ್ಯಾಟಿನ್‌ನಿಂದಲೇ ಹೋಲಿಕೆಯ ರೂಪದಲ್ಲಿ ಬಂದ ಪದ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಅವರ ಕೊನೇ ವಾಕ್ಯ. ‘ಹೌ ಮಚ್ ಐ ಲರ್ನ್, ದಟ್ ಮಚ್ ಐ ವಿಲ್ ಗ್ರೋ.’ ಇದು ಅಪ್ಪಟ ಕನ್ನಡ: ಎಷ್ಟು ಕಲೀತೀನೋ ಅಷ್ಟು ಬೆಳೀತೀನಿ. ಈ ‘ಎಷ್ಟು-ಅಷ್ಟು’ ಜೋಡಿಗೆ ಇಂಗ್ಲಿಷ್‌ನಲ್ಲಿ ಇರೋದು ‘ದ-ದ’ ಜೋಡಿ. ‘ದ ಮೋರ್ ಐ ಲರ್ನ್, ದ ಮೋರ್ ಐ ಗ್ರೋ.’ ನೋಡೋಕೆ ಮಾಮೂಲಿ ‘ದ’ ಥರ ಇದ್ದರೂ ಇದರ ಕೆಲಸ ಬೇರೆ. ಹಳೇ ಇಂಗ್ಲಿಷ್‌ನಲ್ಲಿ ‘ಅದರಿಂದ, ಅಷ್ಟರಮಟ್ಟಿಗೆ’ ಅನ್ನೋ ಅರ್ಥದ ರೂಪವೊಂದಿತ್ತು, ಅದು ಸವೆದು ‘ದ’ ಆಗಿ ಉಳಿದಿದೆ. ಹಾಗಾಗಿ ಮೊದಲ ‘ದ’ ಅಂದರೆ ‘ಎಷ್ಟು’, ಎರಡನೇ ‘ದ’ ಅಂದರೆ ‘ಅಷ್ಟು’ ಅಂತ ಇಟ್ಕೊಳ್ಳಿ.

ಎರಡು ಎಚ್ಚರ. ಹೋಲಿಕೆಯ ಪದ ‘ದ’ ಪಕ್ಕದಲ್ಲೇ, ವಾಕ್ಯದ ಮುಂದೆ ಬರಬೇಕು. ‘ದ ಮೋರ್ ಐ ಹ್ಯಾವ್ ಎಕ್ಸ್‌ಪೀರಿಯನ್ಸ್’ ಅಲ್ಲ, ‘ದ ಮೋರ್ ಎಕ್ಸ್‌ಪೀರಿಯನ್ಸ್ ಐ ಹ್ಯಾವ್’. ಇನ್ನೊಂದು, ಮುಂದಿನ ಮಾತಾದರೂ ಮೊದಲರ್ಧದಲ್ಲಿ ‘ವಿಲ್’ ಹಾಕಬೇಡಿ. ಎರಡನೇ ಅರ್ಧದಲ್ಲಿ ಬೇಕಾದರೆ ಇರಲಿ.

ಕೆಲವೊಮ್ಮೆ ಕ್ರಿಯಾಪದವೇ ಬೇಡ. ‘ದ ಸೂನರ್, ದ ಬೆಟರ್.’ ನಾವೂ ‘ಎಷ್ಟು ಬೇಗ ಅಷ್ಟು ಒಳ್ಳೇದು’ ಅಂತೀವಲ್ಲ, ಅಲ್ಲೂ ಕ್ರಿಯಾಪದ ಇಲ್ಲ. ‘ದ ಮೋರ್, ದ ಮೆರಿಯರ್’ ಕೂಡ ಇದೇ ಅಚ್ಚು. ‘ಮೆರಿ’ ಅಂದ್ರೆ ಖುಷಿ. ಟ್ರಿಪ್‌ಗೆ ಹೊರಟಾಗ ಫ್ರೆಂಡ್ ‘ನನ್ನ ಕಸಿನ್‌ನೂ ಕರ್ಕೊಂಡು ಬರ್ಲಾ?’ ಅಂತ ಕೇಳಿದರೆ ಈ ಮಾತು ಹೇಳ್ತಾರೆ. ಬರ್ಲಿ ಬಿಡೋ, ಜನ ಹೆಚ್ಚಿದಷ್ಟೂ ಮಜಾ ಅಂತ. ಇಂಟರ್‌ವ್ಯೂನಲ್ಲಿ ಟೀಮ್ ಬಗ್ಗೆ ಕೇಳಿದಾಗ ಇದನ್ನ ಬಳಸಬೇಡಿ, ಇದು ಪಾರ್ಟಿ ಮಾತು.

ಹಾಗಾದರೆ ಆ ವಾಯ್ಸ್ ನೋಟ್ ಈಗ ಹೀಗಿರಲಿ: “ಮೈ ಟೈಪಿಂಗ್ ಈಸ್ ಮಚ್ ಬೆಟರ್ ನೌ. ದಿಸ್ ಜಾಬ್ ಈಸ್ ಮೋರ್ ಇಂಟರೆಸ್ಟಿಂಗ್ ದ್ಯಾನ್ ಮೈ ಓಲ್ಡ್ ಜಾಬ್. ದ ಟ್ರಾಫಿಕ್ ಈಸ್ ವರ್ಸ್ ದ್ಯಾನ್ ಲಾಸ್ಟ್ ಇಯರ್. ದ ಮೋರ್ ಐ ಲರ್ನ್, ದ ಮೋರ್ ಐ ವಿಲ್ ಗ್ರೋ.” ವ್ಯಾಕರಣ ಸರಿ ಹೋಯ್ತು. ಆದರೂ ಆ ಟ್ರಾಫಿಕ್ ವಾಕ್ಯ ತೆಗೆದುಬಿಡಿ, ಕೆಲಸಕ್ಕೆ ಲೇಟಾಗಿ ಬರ್ತೀರೇನೋ ಅಂದ್ಕೊಂಡಾರು.