ಹೆಸರಿದೆ, ವಿಡಿಯೊ ಇಲ್ಲ

ಅಕ್ಕ ಮಗಳ ಮದುವೆಯ ವಿಡಿಯೊಗಳನ್ನು ಆನ್‌ಲೈನ್‌ನಲ್ಲಿ 499 ರೂಪಾಯಿಗೆ ಸಿಕ್ಕ 1 ಟಿಬಿ ಪೆನ್‌ಡ್ರೈವ್‌ಗೆ ಹಾಕಿ, ಲ್ಯಾಪ್‌ಟಾಪ್‌ನಲ್ಲಿದ್ದುದನ್ನು ಅಳಿಸಿಬಿಟ್ಟಿದ್ದಳು. ತಿಂಗಳ ನಂತರ ತೆರೆದರೆ ಫೈಲ್‌ಗಳ ಹೆಸರುಗಳೆಲ್ಲ ಸಾಲಾಗಿ ಇದ್ದವು. ಚಪ್ಪರ, ಅರಿಶಿನದ ಶಾಸ್ತ್ರದ ವಿಡಿಯೊ ಓಡಿತು. ಧಾರೆಯದ್ದು ತೆರೆಯಲೇ ಇಲ್ಲ.

ಪೆನ್‌ಡ್ರೈವ್‌ ಒಳಗೆ ಎರಡು ಮುಖ್ಯ ಭಾಗಗಳಿರುತ್ತವೆ. ಒಂದು, ಮಾಹಿತಿ ಕೂರುವ ಮೆಮೊರಿ ಚಿಪ್. ಇನ್ನೊಂದು, ಅದರ ಲೆಕ್ಕ ನೋಡಿಕೊಳ್ಳುವ ಕಂಟ್ರೋಲರ್. ಜಾಗ ಎಷ್ಟಿದೆ ಎಂದು ಕಂಪ್ಯೂಟರ್ ಕೇಳುವುದು ಕಂಟ್ರೋಲರನ್ನು. ಮೋಸಗಾರರು 32 ಜಿಬಿ ಚಿಪ್ ಕೂರಿಸಿ, 1 ಟಿಬಿ ಎಂದು ಹೇಳುವಂತೆ ಕಂಟ್ರೋಲರಿಗೆ ಪಾಠ ಮಾಡಿರುತ್ತಾರೆ. ಕಂಪ್ಯೂಟರ್ ಅದನ್ನೇ ನಂಬುತ್ತದೆ. 32 ಜಿಬಿ ತುಂಬಿದ ಮೇಲೆ ಬಂದ ಮಾಹಿತಿಯನ್ನು ಕೆಲವು ಡ್ರೈವ್‌ಗಳು ಸುಮ್ಮನೆ ಕೈಬಿಡುತ್ತವೆ, ಕೆಲವು ಹಳೆಯದರ ಮೇಲೆಯೇ ಬರೆಯುತ್ತವೆ. ಫೈಲ್‌ಗಳ ಹೆಸರಿನ ಪಟ್ಟಿ ಡ್ರೈವ್‌ನ ಆರಂಭದ ಭಾಗದಲ್ಲಿರುವುದರಿಂದ ಅದು ಉಳಿದುಕೊಳ್ಳುತ್ತದೆ. ಫಾರ್ಮ್ಯಾಟ್ ಮಾಡಿ ನೋಡಿದರೂ ಮೋಸ ಬಯಲಾಗದಿರುವುದು ಇದೇ ಕಾರಣಕ್ಕೆ. ಕ್ವಿಕ್ ಫಾರ್ಮ್ಯಾಟ್ ಆ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ.

ನಿಜ ತಿಳಿಯಬೇಕಾದರೆ ಬರೆದು, ಮತ್ತೆ ಓದಿ ನೋಡಬೇಕು. ವಿಂಡೋಸ್‌ನಲ್ಲಿ H2testw ಎಂಬ ಉಚಿತ ಸಾಧನವಿದೆ, ಲಿನಕ್ಸ್‌ನಲ್ಲಿ ಹೀಗೆ:

```
f3write /media/pen
f3read /media/pen
```

`/media/pen` ಇರುವಲ್ಲಿ ನಿಮ್ಮ ಡ್ರೈವ್‌ನ ಜಾಗ ಬರೆಯಿರಿ. ಮೊದಲು ತೆರೆಯುವ ಫೈಲ್‌ಗಳನ್ನು ಬೇರೆ ಕಡೆ ಉಳಿಸಿಕೊಂಡು ಡ್ರೈವ್ ಖಾಲಿ ಮಾಡಿ, ಏಕೆಂದರೆ ನಕಲಿಯಾದರೆ ಪರೀಕ್ಷೆಯೇ ಅವನ್ನು ಅಳಿಸಬಹುದು. ಅಕ್ಕನ ಡ್ರೈವ್‌ಗೆ ನಾನು 100 ಜಿಬಿ ಮಾತ್ರ ಬರೆಸಿದೆ. ಸೆಕೆಂಡಿಗೆ 10 ಎಂಬಿಯಂತೆ ಸುಮಾರು ಎರಡೂಮುಕ್ಕಾಲು ಗಂಟೆ ಹಿಡಿಯಿತು. ಓದಿ ನೋಡಿದ ಮೇಲೆ 29.1 GByte OK ಎಂದು ಬಂತು, ಮಿಕ್ಕಿದ್ದಕ್ಕೆ DATA LOST. ಅಷ್ಟು ಸಾಕಾಯಿತು. ಆದರೆ 100 ಜಿಬಿ ಸರಿಯಿದ್ದಿದ್ದರೆ 1 ಟಿಬಿ ಇದೆ ಎಂದು ಸಾಬೀತಾಗುತ್ತಿರಲಿಲ್ಲ. ಪೂರ್ತಿ ತುಂಬಿಸಲು ಇದೇ ವೇಗದಲ್ಲಿ 28 ಗಂಟೆ ಬೇಕು.

ಹಾಗೆಂದು 64 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ 59 ಚಿಲ್ಲರೆ ತೋರಿಸಿದರೆ ಗಾಬರಿ ಬೇಡ. ತಯಾರಕರಿಗೆ ಒಂದು ಜಿಬಿ ಎಂದರೆ 100 ಕೋಟಿ ಬೈಟ್, ವಿಂಡೋಸ್‌ಗೆ 107 ಕೋಟಿಗೂ ಹೆಚ್ಚು. ಇದನ್ನು ಜಾಹೀರಾತಿನಲ್ಲೇ ಬರೆಯುವ ಮಾರಾಟಗಾರ ನನಗೆ ಇಷ್ಟ.

ವೇಗದ ವಿಷಯದಲ್ಲೂ ಓದುವ ಕಣ್ಣು ಬೇಕು. ಮೆಮೊರಿ ಕಾರ್ಡ್ ಮೇಲೆ ದಪ್ಪಕ್ಷರದಲ್ಲಿರುವ 100 ಎಂಬಿ ಸಾಮಾನ್ಯವಾಗಿ ಓದುವ ವೇಗ, ಅದೂ ಗರಿಷ್ಠ. ವಿಡಿಯೊ ತೆಗೆಯುವವರಿಗೆ ಬೇಕಾದದ್ದು ಬರೆಯುವ ಕನಿಷ್ಠ ವೇಗ. ವೃತ್ತದಂಥ ಗುರುತಿನೊಳಗೆ 10 ಇದ್ದರೆ ಸೆಕೆಂಡಿಗೆ 10 ಎಂಬಿ. ಇಂಗ್ಲಿಷಿನ ವಿ ಅಕ್ಷರದ ಪಕ್ಕ 30 ಇದ್ದರೆ 30 ಎಂಬಿ. ಪೆನ್‌ಡ್ರೈವ್‌ಗೆ ಈ ಗುರುತುಗಳಿಲ್ಲ.

ಅಕ್ಕನ ಡ್ರೈವ್ ಹಿಂದಿರುಗಿಸುವ ಗಡುವು ಮುಗಿದುಹೋಗಿತ್ತು. ಧಾರೆಯ ವಿಡಿಯೊ ಫೋಟೋಗ್ರಾಫರ್ ಹತ್ತಿರ ಉಳಿದಿದೆಯೇ ಎಂದು ಭಾವ ವಿಚಾರಿಸುತ್ತಿದ್ದಾರೆ.